ಬೇಡಿಕೆ ಸಾರಾಂಶ ಮತ್ತು ಲಿಖಿತ ಒಪ್ಪಿಗೆ

ಗ್ರಾಹಕರ ಜೊತೆ ಮಾತುಕತೆ ಮುಗಿದ ಮೇಲೆ ಏನು ಮಾಡಿಕೊಡಬೇಕು, ಯಾವುದು ಈ ಕೆಲಸದಲ್ಲಿ ಸೇರಿಲ್ಲ, ಯಾವುದು ಇನ್ನೂ ತೀರ್ಮಾನವಾಗಿಲ್ಲ ಎಂಬುದನ್ನು ಕೆಲಸ ಹಿಡಿದವರು ಬರೆದು ಕಳಿಸುತ್ತಾರೆ. ಗ್ರಾಹಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಕೆಲಸ ಆರಂಭಿಸುತ್ತಾರೆ. ಮನೆ ಕಟ್ಟುವುದರಿಂದ ಸಾಫ್ಟ್‌ವೇರ್ ಬರೆಯುವವರೆಗೆ ಈ ಕ್ರಮ ಇದೆ. ಇಲ್ಲಿ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದಕ್ಕೆ ರಾಣೆಬೆನ್ನೂರಿನ ತಂತ್ರಜ್ಞರೊಬ್ಬರು ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವ ಸಂದರ್ಭವನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ವಿವರಿಸಲಾಗಿದೆ.

ಹಿನ್ನೆಲೆ

2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಮುಖ್ಯ ಬಗೆಗಳಿವೆ. ಹಾವೇರಿ ಜಿಲ್ಲೆಯ ರೈತರಷ್ಟೇ ಅಲ್ಲ, ಬಳ್ಳಾರಿ, ರಾಯಚೂರು ಕಡೆಯವರೂ ಆಂಧ್ರದ ಕರ್ನೂಲಿನವರೂ ಈ ಪೇಟೆಗೆ ಮಾಲು ತರುತ್ತಾರೆ. ಚೀಲಗಳು ದಲಾಲಿ ಅಂಗಡಿಯ ಮುಂದೆ ಲಾಟುಗಳಾಗಿ ನಿಲ್ಲುತ್ತವೆ, ಖರೀದಿದಾರರು ಟೆಂಡರ್ ಹಾಕುತ್ತಾರೆ, ತೂಕವಾದ ಮೇಲೆ ರೈತರ ಕೈಗೆ ಲೆಕ್ಕದ ಪಟ್ಟಿ ಬರುತ್ತದೆ. ಕರ್ನಾಟಕದ ಎಪಿಎಂಸಿ ನಿಯಮದಂತೆ ದಲಾಲಿ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಹಾಗಾಗಿ ಒಂದೇ ಲಾಟಿಗೆ ಎರಡು ಬಗೆಯ ಕಾಗದ ಬೇಕು: ರೈತರಿಗೆ ಪಟ್ಟಿ, ಖರೀದಿದಾರರಿಗೆ ಬಿಲ್. ಮೊದಲ ಮಾತುಕತೆಯಲ್ಲಿ ‘ಬಿಲ್ ಬರಬೇಕು’ ಎಂದಷ್ಟೇ ಕೇಳಿಕೊಂಡು ಬಂದವರು ಅರ್ಧ ಕೆಲಸವನ್ನು ಮಾತ್ರ ಕೇಳಿಸಿಕೊಂಡು ಬಂದಿರುತ್ತಾರೆ.

ಆಡಿದ ಮಾತು, ಬರೆದ ಲೆಕ್ಕ

ಸಾರಾಂಶ ಕೆಡುವುದು ಹೆಚ್ಚಾಗಿ ಗ್ರಾಹಕರ ಮಾತನ್ನು ಇದ್ದಂತೆಯೇ ಬರೆದುಕೊಂಡಾಗ. ಅಂಗಡಿಯ ಮಾಲೀಕರು “ಮುಂಗಡ ಮುರ್ಕೊಂಡ ಪಟ್ಟಿ ಬರಬೇಕ್ರಿ” ಅಂದರು ಎಂದಿಟ್ಟುಕೊಳ್ಳಿ. ‘ಪಟ್ಟಿಯಲ್ಲಿ ಮುಂಗಡ ಕಡಿತ ಇರಬೇಕು’ ಎಂದು ಬರೆದು ಕಳಿಸಿದರೆ ಅವರು ಖಂಡಿತ ಒಪ್ಪುತ್ತಾರೆ. ಆದರೆ ಎರಡು ತಲೆಗಳಲ್ಲಿ ಎರಡು ಲೆಕ್ಕ ಇರುವುದು ಆ ಒಪ್ಪಿಗೆಯಿಂದ ಬಯಲಾಗುವುದಿಲ್ಲ.

ಅದನ್ನು ಬಯಲಿಗೆ ತರುವುದು ಅಂಕಿ ಹಾಕಿದ ಒಂದು ಲಾಟು. 12 ಚೀಲಗಳ ಒಟ್ಟು ತೂಕ 486 ಕೆಜಿ. ಚೀಲಕ್ಕೆ 1 ಕೆಜಿಯಂತೆ ಖಾಲಿ ಚೀಲದ ತೂಕ ಕಳೆದರೆ 474 ಕೆಜಿ. ಕ್ವಿಂಟಲ್‌ಗೆ 30,000 ರೂಪಾಯಿಯಂತೆ 1,42,200 ರೂಪಾಯಿ. ರೈತರು ಮೊದಲೇ 50,000 ರೂಪಾಯಿ ಮುಂಗಡ ಒಯ್ದಿದ್ದಾರೆ. ಪೂರ್ತಿ ಮುಂಗಡವನ್ನು ಮೊದಲ ಲಾಟಿನಲ್ಲೇ ಮುರಿದುಕೊಂಡರೆ ಕೈಗೆ 92,200 ಬರುತ್ತದೆ. ಅದರ ಬದಲು 20,000 ಮಾತ್ರ ಮುರಿದುಕೊಂಡರೆ 1,22,200 ಬರುತ್ತದೆ, ಉಳಿದ 30,000 ಮುಂದಿನ ಲಾಟಿಗೆ ಹೋಗುತ್ತದೆ. (ಹಮಾಲಿ ಮೊದಲಾದ ಖರ್ಚುಗಳನ್ನು ಇಲ್ಲಿ ಬಿಡಲಾಗಿದೆ.) ಎರಡನ್ನೂ ಪಕ್ಕಪಕ್ಕ ಬರೆದಾಗ “ಎಲ್ಲಾ ಒಮ್ಮೆಗೇ ಮುರ್ಕೋಬ್ಯಾಡ್ರಿ, ನಾವು ಹೇಳಿದಷ್ಟ” ಎಂಬ ಉತ್ತರ ಬರುತ್ತದೆ. ಆ ಒಂದು ಉತ್ತರದಿಂದ ಸಾಫ್ಟ್‌ವೇರಿನ ಕಟ್ಟೋಣವೇ ಬದಲಾಗುತ್ತದೆ. ತಾನಾಗಿ ನಡೆಯುವ ಕಡಿತದ ಬದಲು ಪ್ರತಿ ಲಾಟಿಗೂ ಮೊತ್ತ ತುಂಬುವ ಜಾಗ ಬೇಕು, ಪ್ರತಿ ರೈತರ ಹೆಸರಲ್ಲಿ ಉಳಿಕೆಯ ಖಾತೆಯೂ ಬೇಕು. ಸೀಸನ್ ನಡುವೆ, ಪೇಟೆ ತುಂಬಿದ ದಿನ ಇದು ಗೊತ್ತಾಗಿದ್ದರೆ ತಪ್ಪು ಪಟ್ಟಿಗಳು ಆಗಲೇ ರೈತರ ಕೈ ಸೇರಿರುತ್ತಿದ್ದವು.

ಸಂದೇಶದ ರೂಪ

ಸಾರಾಂಶ ಮಾತುಕತೆಯಾದ ದಿನವೇ, ಇಬ್ಬರಿಗೂ ನೆನಪು ಹಸಿಯಾಗಿರುವಾಗ ಹೋಗಬೇಕು. ಒಂದು ಪುಟಕ್ಕಿಂತ ದೊಡ್ಡದಾದರೆ ಅಂಗಡಿಯಲ್ಲಿ ಯಾರೂ ಓದುವುದಿಲ್ಲ. ಮೇಲಿನ ಪ್ರಸಂಗದಲ್ಲಿ ಅದು ಹೀಗಿರಬಹುದು:

> ನಮಸ್ಕಾರ ಸಾಹುಕಾರರೇ. ಇವತ್ತು ಅಂಗಡಿಯಲ್ಲಿ ಮಾತಾಡಿದ್ದನ್ನು ಬರೆದಿದ್ದೇನೆ.
> ಮಾಡಿಕೊಡುವುದು: ಲಾಟುವಾರು ತೂಕ, ಡಬ್ಬಿ–ಕಡ್ಡಿ ಬೇರೆ ಬೇರೆ ನಮೂದು, ರೈತರ ಪಟ್ಟಿ, ಖರೀದಿದಾರರ ಬಿಲ್. ಮುಂಗಡವನ್ನು ನೀವು ಹೇಳಿದಷ್ಟೇ ಮುರಿಯುವುದು. ಲೆಕ್ಕದ ಮಾದರಿ ಕೆಳಗಿದೆ.
> ಇದರಲ್ಲಿ ಸೇರಿಲ್ಲದ್ದು: ಮುಂಗಡದ ಬಡ್ಡಿ ಲೆಕ್ಕ, ಹಳೆಯ ವರ್ಷಗಳ ಖಾತೆ ತುಂಬುವುದು.
> ನೀವು ಹೇಳಬೇಕಾದದ್ದು: ಕರ್ನೂಲು ಕಡೆಯ ರೈತರಿಗೆ ಪಟ್ಟಿ ತೆಲುಗಿನಲ್ಲೂ ಬೇಕೋ?
> ಲೆಕ್ಕದ ಮಾದರಿಯನ್ನು ಗುಮಾಸ್ತರಿಂದ ಒಮ್ಮೆ ಕೈಯಲ್ಲಿ ಮಾಡಿಸಿ ನೋಡಿ. ಸರಿಯಿದ್ದರೆ ‘1ನೇ ಬರಹ ಒಪ್ಪಿದೆ’ ಎಂದು ಬರೆಯಿರಿ. ಒಪ್ಪಿಗೆ ಬಂದ ಮೇಲೆ ಕೆಲಸ ಶುರು ಮಾಡುತ್ತೇನೆ.

ಇದರಲ್ಲಿ ಅತಿ ಹೆಚ್ಚು ದುಡಿಯುವ ಸಾಲು ‘ಸೇರಿಲ್ಲದ್ದು’. ಬಡ್ಡಿಯ ಮಾತು ಮಾತುಕತೆಯಲ್ಲಿ ಬಂದೇ ಇರಲಿಕ್ಕಿಲ್ಲ. ಆದರೂ ಮುಂಗಡ ಇರುವಲ್ಲಿ ಅದು ಇಂದಲ್ಲ ನಾಳೆ ಬರುತ್ತದೆ. ಮೊದಲೇ ಬರೆದಿಟ್ಟರೆ ಗ್ರಾಹಕರು ‘ಅದೂ ಬೇಕು’ ಎನ್ನಲು ಅವಕಾಶವಿರುತ್ತದೆ, ಅದಕ್ಕೆ ಬೇರೆ ದರವನ್ನೂ ಸಮಾಧಾನದಿಂದ ಹೇಳಬಹುದು. ತೀರ್ಮಾನವಾಗದ ಪ್ರಶ್ನೆ ಉಳಿದಿರುವಷ್ಟು ಕಾಲ ಒಪ್ಪಿಗೆಯೂ ಅರೆಬರೆಯೇ. ಪಟ್ಟಿಯ ಭಾಷೆಯ ಪ್ರಶ್ನೆಗೆ ಉತ್ತರ ಬಂದ ಮೇಲೆ ಅದನ್ನೂ ಸೇರಿಸಿ 2ನೇ ಬರಹ ಕಳಿಸುವುದು ಸರಿ.

ಕಳಿಸಿದ ಎರಡೇ ನಿಮಿಷಕ್ಕೆ ಒಪ್ಪಿಗೆ ಬಂದರೆ ಅದನ್ನು ಅನುಮಾನದಿಂದ ನೋಡಬೇಕು. ಲೆಕ್ಕದ ಮಾದರಿಯನ್ನು ಯಾರೂ ಮುಟ್ಟಿಲ್ಲ ಎಂದೇ ಅದರ ಅರ್ಥ. ಒಂದಾದರೂ ತಿದ್ದುಪಡಿಯೊಂದಿಗೆ ಬಂದ ಒಪ್ಪಿಗೆ ಹೆಚ್ಚು ಭರವಸೆಯದು.

ಯಾರ ಒಪ್ಪಿಗೆ

ದಲಾಲಿ ಅಂಗಡಿಯಲ್ಲಿ ಕೆಲಸದ ಒಳಹೊರಗು ಗೊತ್ತಿರುವುದು ಗುಮಾಸ್ತರಿಗೆ, ಹಣ ಕೊಡುವವರು ಮಾಲೀಕರು. ವಿವರ ಗುಮಾಸ್ತರಿಂದ ಪಡೆದರೂ ಒಪ್ಪಿಗೆ ಮಾಲೀಕರದೇ ಆಗಬೇಕು. ಅಣ್ಣತಮ್ಮಂದಿರ ಪಾಲುದಾರಿಕೆ ಅಂಗಡಿಯಾದರೆ, 1932ರ ಪಾಲುದಾರಿಕೆ ಕಾಯಿದೆಯಂತೆ ಅಂಗಡಿಯ ದಿನನಿತ್ಯದ ವ್ಯವಹಾರದಲ್ಲಿ ಒಬ್ಬ ಪಾಲುದಾರರ ಮಾತು ಸಾಮಾನ್ಯವಾಗಿ ಎಲ್ಲರನ್ನೂ ಕಟ್ಟುತ್ತದೆ. ಹಾಗಿದ್ದರೂ ಸಂದೇಶವನ್ನು ಎಲ್ಲರಿಗೂ ಕಳಿಸುವುದು ಒಳ್ಳೆಯದು. ಹಿರಿಯರು ಒಪ್ಪಿದ್ದನ್ನು ಕಿರಿಯರು ಅರಿಯದೆ ಬೇರೆಯೇ ಕೇಳುವ ಪ್ರಸಂಗ ತಪ್ಪುತ್ತದೆ.

ಕಾನೂನಿನ ದೃಷ್ಟಿ

1872ರ ಭಾರತೀಯ ಕರಾರು ಕಾಯಿದೆಯಲ್ಲಿ ಬಾಯಿಮಾತಿನ ಕರಾರಿಗೂ ಬೆಲೆಯಿದೆ. ಆದರೆ ಅದೇ ಕಾಯಿದೆಯ 13ನೇ ಕಲಮಿನಂತೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಮುಂಗಡ ಕಡಿತದಂಥ ಜಗಳಗಳು ಹುಟ್ಟುವುದು ಇಲ್ಲಿಯೇ. ಇಮೇಲ್, ವಾಟ್ಸ್‌ಆ್ಯಪ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮು ಹೇಳುತ್ತದೆ.

‘ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ’ ಎಂದು ಬರೆಯುವ ರೂಢಿ ಹಲವರಲ್ಲಿದೆ. ಅದು ನಂಬಲಾಗದ ಆಸರೆ. ಬಂಧುವೊಬ್ಬನ ಕುದುರೆ ಕೊಳ್ಳಲು ಹೊರಟವನೊಬ್ಬ ‘ಉತ್ತರ ಬಾರದಿದ್ದರೆ ಕುದುರೆ ನನ್ನದು’ ಎಂದು ಬರೆದಿದ್ದ. 1862ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಫೆಲ್ಟ್‌ಹೌಸ್–ಬಿಂಡ್ಲಿ ಪ್ರಕರಣದಲ್ಲಿ ಮೌನವನ್ನು ಸಮ್ಮತಿಯೆಂದು ಹೇರಲು ಒಪ್ಪಲಿಲ್ಲ. ಬರಹದ ಉತ್ತರ ಸಿಗದಿದ್ದರೆ ‘ಮೇಲಿನ ಬರಹದಂತೆ ಕೆಲಸಕ್ಕೆ ಮೊದಲ ಕಂತು’ ಎಂದು ತಿಳಿಸಿ ಹಣ ಪಡೆಯುವುದು ಹೆಚ್ಚು ಗಟ್ಟಿ, ಏಕೆಂದರೆ ನಡೆದುಕೊಂಡು ತೋರಿಸಿದ ಒಪ್ಪಿಗೆಯನ್ನು ಕರಾರು ಕಾಯಿದೆಯ 8ನೇ ಕಲಮು ಮಾನ್ಯ ಮಾಡುತ್ತದೆ.

ಒಪ್ಪಿಗೆಗೆ ಫೋನಿನಲ್ಲಿ ಕಳಿಸುವ ಎತ್ತಿದ ಹೆಬ್ಬೆರಳಿನ ಚಿತ್ರ ಸಾಕೇ ಎಂಬ ಪ್ರಶ್ನೆಗೆ 2023ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ನ್ಯಾಯಾಲಯವೊಂದು ಸಾಕು ಎಂದು ಹೇಳಿತು. ಅಗಸೆ ಮಾರುವ ರೈತರೊಬ್ಬರು ಖರೀದಿ ಸಂಸ್ಥೆ ಕಳಿಸಿದ ಕರಾರಿಗೆ ಆ ಚಿತ್ರವನ್ನಷ್ಟೇ ಉತ್ತರವಾಗಿ ಕಳಿಸಿದ್ದರು. ಅವರಿಬ್ಬರ ನಡುವಿನ ಹಿಂದಿನ ಕರಾರುಗಳೂ ಇಂಥದ್ದೇ ಚುಟುಕು ಉತ್ತರಗಳಲ್ಲಿ ನಡೆದಿದ್ದವೆಂಬುದು ಆ ತೀರ್ಪಿಗೆ ಆಧಾರವಾಯಿತು. ಮೊದಲ ಸಲ ವ್ಯವಹಾರಕ್ಕೆ ಬಂದ ಗ್ರಾಹಕರ ವಿಷಯದಲ್ಲಿ ಅಂಥ ಹಿನ್ನೆಲೆ ಇರುವುದಿಲ್ಲ, ಅವರಿಂದ ಪೂರ್ಣ ವಾಕ್ಯವನ್ನೇ ಕೇಳಬೇಕು.

ಒಪ್ಪಿಗೆಯ ನಂತರ

ಒಪ್ಪಿದ ಬರಹವನ್ನು ಆಮೇಲೆ ತಿದ್ದುವಂತಿಲ್ಲ. ಬದಲಾವಣೆ ಬಂದರೆ ಹೊಸ ಸಂಖ್ಯೆಯ ಬರಹ, ಹೊಸ ಒಪ್ಪಿಗೆ. ಕೆಲಸದ ನಡುವೆ ಮಾಲೀಕರು ಫೋನಿನಲ್ಲಿ ಬಡ್ಡಿ ಲೆಕ್ಕ ಕೇಳಿದರೆ, ಎಷ್ಟು ದಿನ, ಎಷ್ಟು ಹಣ ಹೆಚ್ಚಾಗುತ್ತದೆ ಎಂಬ ಎರಡೇ ಸಾಲನ್ನು ಅಂದೇ ಬರೆದು ಕಳಿಸಿದರೆ ಸಾಕು. ಸಂದೇಶಗಳನ್ನು ಅಳಿಸದೆ ಮೂಲ ಫೋನಿನಲ್ಲೇ ಉಳಿಸಿಕೊಳ್ಳಬೇಕು. ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅವುಗಳ ಮುದ್ರಿತ ಪ್ರತಿಯ ಜೊತೆ ಪ್ರಮಾಣಪತ್ರವನ್ನೂ ಸಲ್ಲಿಸಬೇಕಾಗುತ್ತದೆ.