ನಾವಿಕರ ಪ್ರವೇಶಾನುಮತಿ: ಲಂಡನ್ ಬಂದರಿನ ಇತಿಹಾಸ

ವಿದೇಶಿ ಹಡಗಿನಲ್ಲಿ ಕೆಲಸ ಮಾಡುತ್ತ ಲಂಡನ್ ಬಂದರಿಗೆ ಬರುವ ಭಾರತೀಯ ನಾವಿಕ, ಹಡಗು ಅಲ್ಲಿ ನಿಂತಿರುವಷ್ಟು ಹೊತ್ತು ಸಾಮಾನ್ಯವಾಗಿ ವೀಸಾ ಇಲ್ಲದೆಯೇ ದಡಕ್ಕಿಳಿದು ಊರು ಸುತ್ತಬಹುದು. ಅದೇ ಹಡಗಿಗೆ ಸೇರಿಕೊಳ್ಳಲೆಂದು ಬೆಂಗಳೂರಿನಿಂದ ಹೀಥ್ರೂಗೆ ವಿಮಾನದಲ್ಲಿ ಬರುವ ಅವನ ಸಹೋದ್ಯೋಗಿಗೆ ಮಾತ್ರ ಮುಂಚಿತವಾಗಿ ಪಡೆದ ವೀಸಾ ಬೇಕು. ಇಬ್ಬರದೂ ಒಂದೇ ದೇಶದ ಪಾಸ್‌ಪೋರ್ಟ್, ಒಂದೇ ಕಂಪನಿ, ಬಹುಶಃ ಒಂದೇ ಕ್ಯಾಬಿನ್. ಈ ಭೇದ ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಇದರ ಹಿಂದೆ ಇನ್ನೂರು ವರ್ಷಗಳ ತರ್ಕವಿದೆ. ನಾವಿಕ ಯಾರು ಎಂಬುದಕ್ಕಿಂತ ಅವನನ್ನು ವಾಪಸು ಕರೆದೊಯ್ಯುವವರು ಯಾರು ಎಂಬುದನ್ನೇ ಬ್ರಿಟಿಷ್ ಕಾನೂನು ಮೊದಲಿನಿಂದಲೂ ಕೇಳುತ್ತ ಬಂದಿದೆ. ಅವನಿಗೆ ಸಿಗುವ ಸ್ವಾತಂತ್ರ್ಯವೂ ಅವನ ಮೇಲಿನ ಕಟ್ಟುಪಾಡೂ ಎರಡೂ ಹುಟ್ಟುವುದು ಈ ಪ್ರಶ್ನೆಯಿಂದ.

ಇದರ ಮೂಲ ಈಸ್ಟ್ ಇಂಡಿಯಾ ಕಂಪನಿಯ ಕಾಲದ ಲಸ್ಕರ್‌ಗಳ ಕತೆಯಲ್ಲಿದೆ. ಬಂಗಾಳ, ಗುಜರಾತ್, ಕೊಂಕಣ ಮುಂತಾದೆಡೆಗಳಿಂದ ಸೇರಿಸಿಕೊಂಡ ಖಲಾಸಿಗಳು ಸರಕು ಹಡಗುಗಳನ್ನು ಥೇಮ್ಸ್ ನದಿಯವರೆಗೆ ತಂದು ಮುಟ್ಟಿಸುತ್ತಿದ್ದರು. ಹಿಂದಿರುಗುವ ಹಡಗಿನಲ್ಲಿ ಅವರಿಗೆ ಕೆಲಸ ಸಿಗುವ ಖಾತ್ರಿ ಇರಲಿಲ್ಲ. ಕೆಲಸವಿಲ್ಲದೆ ಶಾಡ್‌ವೆಲ್, ಲೈಮ್‌ಹೌಸ್ ಬೀದಿಗಳಲ್ಲಿ ಚಳಿಗಾಲ ಕಳೆಯಬೇಕಾದವರ ದುಃಸ್ಥಿತಿ ಪಾರ್ಲಿಮೆಂಟಿನವರೆಗೆ ಹೋಯಿತು. 1814 ಮತ್ತು 1823ರ ಕಾಯ್ದೆಗಳು ಅವರ ಊಟ, ವಸತಿ, ಮರುಪಯಣದ ಹೊಣೆಯನ್ನು ಕಂಪನಿ ಮತ್ತು ಹಡಗು ಮಾಲೀಕರ ಮೇಲೆ ಹಾಕಿದವು. ಓದಲು ಇದು ಕರುಣೆಯ ಕಾನೂನು. ಆದರೆ ಬ್ರಿಟಿಷ್ ಆಳ್ವಿಕೆಯ ನೆಲದಲ್ಲೇ ಹುಟ್ಟಿದ ಲಸ್ಕರ್‌ಗಳನ್ನು 'ಬ್ರಿಟಿಷ್ ನಾವಿಕ'ರ ಲೆಕ್ಕಕ್ಕೆ ಸೇರಿಸಬಾರದೆಂದು ಹೇಳಿದ್ದೂ ಇದೇ ಕಾನೂನು. ಹೊಟ್ಟೆಗೆ ಹಾಕುವವನು ಮಾಲೀಕ, ಆದ್ದರಿಂದ ಹೊರಗೆ ಕಳಿಸುವವನೂ ಅವನೇ ಎಂಬ ಲೆಕ್ಕಾಚಾರ ಇಲ್ಲಿಂದ ಶುರುವಾಯಿತು.

1857ರಲ್ಲಿ ಲೈಮ್‌ಹೌಸ್‌ನ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ಏಷ್ಯಾ, ಆಫ್ರಿಕಾ ಮತ್ತು ದಕ್ಷಿಣ ಸಮುದ್ರದ ದ್ವೀಪಗಳ ನಾವಿಕರಿಗಾಗಿ 'ಸ್ಟ್ರೇಂಜರ್ಸ್ ಹೋಮ್' ಎಂಬ ವಸತಿಗೃಹ ತೆರೆಯಿತು. ಅದು ಊಟ-ವಸತಿಯ ಜೊತೆಗೆ ನಾವಿಕರಿಗೆ ಊರಿನ ಕಡೆ ಹೋಗುವ ಹಡಗನ್ನೂ ಹುಡುಕಿಕೊಡುತ್ತಿತ್ತು. ಆ ಹುಡುಕಾಟಕ್ಕೆ ಕಾನೂನಿನ ಬಲ ಕೊಟ್ಟದ್ದು 1894ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ 125ನೇ ಸೆಕ್ಷನ್. ಅದರ ಪ್ರಕಾರ ಮಾಲೀಕನು ಲಸ್ಕರ್‌ನೊಂದಿಗೆ ಭಾರತದಲ್ಲಿಯೇ ಒಪ್ಪಂದ ಮಾಡಿಕೊಂಡು ಅವನನ್ನು ಬ್ರಿಟನ್ನಿಗೆ, ಬೇಕಿದ್ದರೆ ಪ್ರಯಾಣಿಕನಾಗಿಯೂ, ತರಬಹುದಿತ್ತು. ಅಲ್ಲಿ ಬೇರೊಂದು ಹಡಗಿಗೆ ಸಹಿ ಹಾಕಿ ಮರಳುವುದಾಗಿ ಲಸ್ಕರ್ ಮೊದಲೇ ಮಾತು ಕೊಟ್ಟಿರುತ್ತಿದ್ದ. ಅಲ್ಲಿಗೆ ಹೋದಮೇಲೆ ಒಲ್ಲೆ ಎಂದರೂ ಸಹಿ ಹಾಕಿದವನಂತೆಯೇ ಅವನನ್ನು ಶಿಕ್ಷಿಸಬಹುದಿತ್ತು. ಹೊರನಾಡಿನಲ್ಲಿ ಹಡಗು ಸೇರುವುದಕ್ಕೆ ಇಂದು ಏಜೆಂಟರು ಮಾಡುವ ಏರ್ಪಾಡಿನ ಹಳೆಯ, ಕಠಿಣ ರೂಪ ಇದು. ಬ್ರಿಟಿಷ್ ಪ್ರಜೆಯನ್ನು ಗಡಿಯಲ್ಲಿ ತಡೆಯಲು ಕಾನೂನಿಲ್ಲದ ಕಾಲದಲ್ಲಿ ಆ ಕೆಲಸವನ್ನು ಕರಾರುಪತ್ರವೇ ಮಾಡುತ್ತಿತ್ತು.

ಮೊದಲ ಮಹಾಯುದ್ಧದ ನಂತರ ಕಾಗದಪತ್ರದ ಗಡಿ ಬಂತು. 1925ರ ವಿಶೇಷ ಆದೇಶವೊಂದು, ತಾನು ಬ್ರಿಟಿಷ್ ಪ್ರಜೆ ಎಂದು ದಾಖಲೆಯಿಂದ ತೋರಿಸಲಾಗದ ಕಪ್ಪು, ಕಂದು ವರ್ಣದ ನಾವಿಕರು ಪರದೇಶಿಯರಾಗಿ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕೆಂದಿತು. ಮರುವರ್ಷ ಅದು ದೇಶಕ್ಕೆಲ್ಲ ಅನ್ವಯವಾಯಿತು. ಪಾಸ್‌ಪೋರ್ಟ್ ಇಲ್ಲದೆಯೇ ದುಡಿಯುತ್ತಿದ್ದ ಎಷ್ಟೋ ಪ್ರಜೆಗಳು ಇದರಿಂದ ರಾತ್ರೋರಾತ್ರಿ ಪರಕೀಯರಾದರು. ಇದು ಬಿಳಿಯ ನಾವಿಕರ ಕೂಲಿ ಉಳಿಸಲು ಕೈಗೊಂಡ ಕ್ರಮ, ವರ್ಣದ್ವೇಷವಲ್ಲ ಎಂಬ ಸಮರ್ಥನೆಯುಂಟು. ಕೂಲಿಯ ಪೈಪೋಟಿ ಇದ್ದದ್ದು ನಿಜವೇ. ಆದರೆ ಕಡಿಮೆ ಕೂಲಿಯ ಲಸ್ಕರ್ ಕರಾರನ್ನು ಮುಟ್ಟದೆ ದಡದಲ್ಲಿ ನೆಲೆಸಲು ಬಯಸಿದವನನ್ನು ಮಾತ್ರ ಹಿಡಿದ ಆದೇಶವನ್ನು ಕೂಲಿಯ ರಕ್ಷಣೆ ಎನ್ನುವುದು ಕಷ್ಟ. 1942ರಲ್ಲಿ ಅದು ರದ್ದಾಯಿತು.

ಈಗಿನ ವ್ಯವಸ್ಥೆ ನಿಂತಿರುವುದು 1971ರ ವಲಸೆ ಕಾಯ್ದೆಯ 8ನೇ ಸೆಕ್ಷನ್ ಮೇಲೆ. ಬಂದ ಹಡಗಿನಲ್ಲೇ ಹೊರಡುವ ಕರಾರಿನಲ್ಲಿರುವ ಸಿಬ್ಬಂದಿ ಪ್ರತ್ಯೇಕ ಅನುಮತಿ ಇಲ್ಲದೆ ಪ್ರವೇಶಿಸಿ ಹಡಗು ಹೊರಡುವವರೆಗೆ ಇರಬಹುದು. ಗಡೀಪಾರು ಆದೇಶವಿದ್ದರೆ, ಹಿಂದೆಂದೋ ಪ್ರವೇಶ ನಿರಾಕರಿಸಿ ಆಮೇಲೆ ಅನುಮತಿ ಕೊಟ್ಟಿಲ್ಲದಿದ್ದರೆ, ಅಥವಾ ಅಧಿಕಾರಿ ತಪಾಸಣೆಗೆ ಕರೆದರೆ ಈ ಸೌಲಭ್ಯವಿಲ್ಲ. ಹಡಗು ಹೋದಮೇಲೂ ಉಳಿದವನನ್ನು ಕರೆದೊಯ್ಯುವಂತೆ ಕ್ಯಾಪ್ಟನ್‌ಗೋ ಮಾಲೀಕರಿಗೋ ಅಧಿಕಾರಿ ನಿರ್ದೇಶನ ಕೊಡಬಹುದು. ವಿಮಾನದಲ್ಲಿ ಬರುವವನು ಈ ಸೆಕ್ಷನ್ನಿನ ಒಳಗೆ ಬರುವುದಿಲ್ಲ, ಯಾಕೆಂದರೆ ಅವನಿನ್ನೂ ಯಾವ ಹಡಗಿನ ಸಿಬ್ಬಂದಿಯಾಗಿಯೂ ಬಂದಿಲ್ಲ. ಲಂಡನ್ ಬಂದರಿನ ಟಿಲ್‌ಬರಿಯಲ್ಲಿ ಸೈನ್ ಆನ್ ಆಗಬೇಕಾದ ಎಂಜಿನಿಯರ್ ಒಬ್ಬನನ್ನು ಊಹಿಸಿಕೊಳ್ಳಿ. ಅವನ ಕೈಯಲ್ಲಿ ಪಾಸ್‌ಪೋರ್ಟ್, ವೀಸಾ, ಸಿಡಿಸಿ, ಉದ್ಯೋಗದ ಕರಾರು ಇರುತ್ತವೆ. ಹಡಗಿನ ಹೆಸರು, ಬಂದರು, ಹೊರಡುವ ದಿನ ಬರೆದ ಏಜೆಂಟರ ಪತ್ರವೂ ಇರುತ್ತದೆ. ಅಧಿಕಾರಿಗೆ ಮುಖ್ಯವಾದದ್ದು ಆ ಪತ್ರವೇ. ಹಡಗು ತಡವಾಗಿ ಅದರಲ್ಲಿನ ದಿನಾಂಕ ಹಳೆಯದಾಗಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ಪ್ರಶ್ನೆಗಳು ಶುರುವಾಗುತ್ತವೆ. ಸೈನ್ ಆಫ್ ಆದವನದೂ ಇದೇ ಪಾಡು. ಕರಾರು ಮುಗಿದು ವಿಮಾನದಲ್ಲಿ ಊರಿಗೆ ಹೊರಟವನು ಹಡಗಿನೊಂದಿಗೆ ಹೊರಡುವವನಲ್ಲವಾದ್ದರಿಂದ, ಹೀಥ್ರೂವರೆಗಿನ ದಾರಿಗೂ ಅವನು ಪ್ರವೇಶದ ಅನುಮತಿ ಪಡೆಯಬೇಕು.

ಈ ಏರ್ಪಾಡು ಉದಾರವಾದದ್ದಲ್ಲವೇ ಎಂದು ಕೇಳಬಹುದು. ಅಮೆರಿಕದಲ್ಲಿ ದಡಕ್ಕಿಳಿಯಲೂ ಸಿಬ್ಬಂದಿ ವೀಸಾ ಬೇಕು, ಬ್ರಿಟನ್ನಿನಲ್ಲಿ ಬೇಡ. 1965ರಲ್ಲಿ ಲಂಡನ್ನಿನಲ್ಲೇ ಅಂಗೀಕಾರವಾದ ಕಡಲ ಸಂಚಾರ ಸುಗಮಗೊಳಿಸುವ ಒಡಂಬಡಿಕೆಯ ಆಶಯವೂ ಅದೇ. ಹಾಗಾಗಿ ಆಕ್ಷೇಪದಲ್ಲಿ ಹುರುಳಿದೆ, ಆದರೆ ಉದಾರತೆ ಹಡಗಿನ ಆಯಸ್ಸಿನಷ್ಟೇ. 2020ರ ಜೂನ್‌ನಲ್ಲಿ, ಕೋವಿಡ್ ನಡುವೆ, ಟಿಲ್‌ಬರಿಯಲ್ಲಿ ಲಂಗರು ಹಾಕಿದ್ದ ಹಲವು ವಿಹಾರ ಹಡಗುಗಳನ್ನು ಬ್ರಿಟನ್ನಿನ ಕಡಲ ಸುರಕ್ಷತಾ ಸಂಸ್ಥೆ ತಡೆಹಿಡಿಯಿತು. ಸಿಬ್ಬಂದಿಯಲ್ಲಿ ಭಾರತೀಯರು ಬಹಳ ಮಂದಿ. ಕೆಲವರ ಕರಾರು ಮುಗಿದಿತ್ತು, ಸಂಬಳ ಬಾಕಿಯಿತ್ತು, ಊರಿಗೆ ವಿಮಾನಗಳಿರಲಿಲ್ಲ. ಜುಲೈನಲ್ಲಿ ಆ ಹಡಗುಗಳನ್ನು ನಡೆಸುತ್ತಿದ್ದ ಕಂಪನಿಯೇ ದಿವಾಳಿಯ ಆಡಳಿತಕ್ಕೆ ಹೋಯಿತು. 'ಹಡಗು ಹೊರಡುವವರೆಗೆ' ಎಂಬ ಮಾತಿಗೆ ಹೊರಡದ ಹಡಗಿನಲ್ಲಿ ಏನರ್ಥ? ಕರೆದೊಯ್ಯುವ ಹೊಣೆಗಾರ ಕುಸಿದಾಗ ನಾವಿಕನಿಗೆ ಆಸರೆಯಾದದ್ದು ವಲಸೆ ಕಾನೂನಲ್ಲ, ಮಾಲೀಕ ಕೈಬಿಟ್ಟರೆ ಊರಿಗೆ ಕಳಿಸುವ ಕರ್ತವ್ಯವನ್ನು ಸರ್ಕಾರಗಳ ಮೇಲೂ ಹೊರಿಸುವ 2006ರ ನಾವಿಕ ಕಾರ್ಮಿಕರ ಒಡಂಬಡಿಕೆ.

ದಡಕ್ಕಿಳಿಯುವ ಹಕ್ಕು ಇತರ ಕಡೆಗಳಿಂದಲೂ ಸವೆದಿದೆ. ಗ್ರೇಟರ್ ಲಂಡನ್ನಿನ ರಾಯಲ್ ಡಾಕ್ಸ್ 1981ರಲ್ಲಿ ಸರಕು ಹಡಗುಗಳಿಗೆ ಮುಚ್ಚಿದಮೇಲೆ ವ್ಯಾಪಾರ ನದಿಯ ಕೆಳದಿಕ್ಕಿಗೆ ಸರಿಯಿತು. ಕಂಟೇನರ್ ಹಡಗು ಗಂಟೆಗಳ ಲೆಕ್ಕದಲ್ಲಿ ಬಂದುಹೋಗುವ ಬಂದರಿನಲ್ಲಿ, ಕಾವಲು ಗೇಟು ದಾಟಿ ಅಂಗಡಿಗೆ ಹೋಗಿ ಬರುವುದೇ ಸಾಹಸ. ಕಾಯ್ದೆ ಕೊಟ್ಟದ್ದನ್ನು ವೇಳಾಪಟ್ಟಿ ಕಿತ್ತುಕೊಂಡಿದೆ.

ಬ್ರಿಟನ್ನಿನ ಜಲಸೀಮೆಯಲ್ಲೇ ದುಡಿಯುವ ಹಡಗುಗಳ ವಿಷಯದಲ್ಲಿ ಈ ಹಳೆಯ ತರ್ಕ ಕೊನೆಮುಟ್ಟುತ್ತದೆ. ಕಡಲ ಗಾಳಿಯಂತ್ರಗಳ ಕೆಲಸಕ್ಕೆ ವಿದೇಶಿ ಸಿಬ್ಬಂದಿಗೆ 2017ರಿಂದ ಇದ್ದ ವಿನಾಯಿತಿ 2023ರ ಏಪ್ರಿಲ್ 30ಕ್ಕೆ ಮುಗಿಯಿತು. 2022ರ ಪೌರತ್ವ ಮತ್ತು ಗಡಿಗಳ ಕಾಯ್ದೆ ಅಂಥ ದುಡಿಮೆಯನ್ನು ದೇಶದೊಳಗಿನ ಆಗಮನವೆಂದೇ ಎಣಿಸುತ್ತದೆ. ಎಲ್ಲಿಗೂ ಕರೆದೊಯ್ಯದ ಹಡಗು ಯಾರಿಗೂ ಜಾಮೀನಾಗಲಾರದು. ಅಂಥ ಹಡಗಿನವರಿಗೆ ಬೇಕಾದದ್ದು ಕೆಲಸದ ವೀಸಾ.