ಸಾರಂಗದ ಹೊತ್ತು

ಮಧ್ಯಾಹ್ನದ ಊಟ ಮುಗಿಸಿ, ಕಿಟಕಿಯ ಪರದೆ ಎಳೆದು, ಫ್ಯಾನಿನ ಕೆಳಗೆ ಅಡ್ಡಾಗುವ ಹೊತ್ತಿಗೆಂದೇ ಹಿಂದೂಸ್ತಾನಿ ಸಂಗೀತದಲ್ಲಿ ರಾಗಗಳ ಒಂದು ಕುಟುಂಬವಿದೆ. ಅದರ ಹೆಸರು ಸಾರಂಗ. ವೃಂದಾವನಿ ಸಾರಂಗ, ಮಧ್ಮಾದ್ ಸಾರಂಗ, ಶುದ್ಧ ಸಾರಂಗ, ಗೌಡ ಸಾರಂಗ ಹೀಗೆ ಅದರಲ್ಲಿ ಹಲವು ಮಂದಿ. ಹಗಲಿರುಳನ್ನು ಮೂರು ಮೂರು ಗಂಟೆಯ ಎಂಟು ಪ್ರಹರಗಳಾಗಿ ಹಂಚಿಕೊಂಡ ಸಂಗೀತಗಾರರು, ಬಿಸಿಲು ನೆತ್ತಿಗೇರಿದ ಆಸುಪಾಸಿನ ಹೊತ್ತನ್ನು ಈ ಕುಟುಂಬಕ್ಕೆ ಬಿಟ್ಟುಕೊಟ್ಟಿದ್ದಾರೆ. ಆದರೆ ಆ ಹೊತ್ತಿನಲ್ಲಿ ಕೂತು ಸಾರಂಗ ಕೇಳಿದವರು ನಮ್ಮಲ್ಲಿ ಎಷ್ಟು ಜನ? ಈ ರಾಗಗಳಿಗೆ ಮಧ್ಯಾಹ್ನ ದಕ್ಕಿದ್ದು ಹೇಗೆ, ಅದು ಕೈಬಿಟ್ಟದ್ದು ಹೇಗೆ ಎಂಬುದಕ್ಕೆ ಒಂದು ಇತಿಹಾಸವಿದೆ.

ಮೊದಲು ಕಿವಿಗೆ ಒಂದು ಗುರುತು ಬೇಕು. 'ಭಾಗ್ಯದ ಲಕ್ಷ್ಮಿ ಬಾರಮ್ಮ'ದ ಮಟ್ಟು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಪುರಂದರದಾಸರ ಆ ಪದವನ್ನು ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ ಹಾಡುತ್ತಾರೆ. ಮಧ್ಯಮಾವತಿಯ ಸ್ವರಗಳು ಸ, ರಿ, ಮ, ಪ, ನಿ ಎಂಬ ಐದೇ. ಉತ್ತರದ ಮಧ್ಮಾದ್ ಸಾರಂಗಕ್ಕೂ ಇವೇ ಐದು. ವೃಂದಾವನಿ ಸಾರಂಗದಲ್ಲಿ ವ್ಯತ್ಯಾಸ ಒಂದೇ ಒಂದು: ಮೇಲೇರುವಾಗ ನಿಷಾದ ತೀವ್ರವಾಗಿ ಷಡ್ಜಕ್ಕೆ ಒರಗಿಕೊಂಡಿರುತ್ತದೆ, ಇಳಿಯುವಾಗ ಕೋಮಲವಾಗುತ್ತದೆ. ಮೂರರಲ್ಲೂ ಗಾಂಧಾರವಿಲ್ಲ, ಧೈವತವಿಲ್ಲ. ರಾಗದ ಭಾವವನ್ನು ನಲಿವಿನ ಕಡೆಗೋ ನೋವಿನ ಕಡೆಗೋ ಹೆಚ್ಚಾಗಿ ವಾಲಿಸುವುದು ಗಾಂಧಾರ. ಅದಿಲ್ಲದಿದ್ದಾಗ ರಿಷಭಕ್ಕೂ ಮಧ್ಯಮಕ್ಕೂ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಮೇಲೆ ಪಂಚಮಕ್ಕೂ ನಿಷಾದಕ್ಕೂ ನಡುವೆ ಇನ್ನೊಂದು. ಎದುರುಬದುರು ಎರಡು ಕಿಟಕಿ ತೆರೆದಿಟ್ಟ ಕೋಣೆಯ ಹಾಗೆ. ಸಾರಂಗ ತಂಪೆನಿಸಲು ಈ ಖಾಲಿ ಜಾಗಗಳೂ ಒಂದು ಕಾರಣ.

ಹಾಗಂತ ಸ್ವರಪಟ್ಟಿ ಇದ್ದ ಮಾತ್ರಕ್ಕೆ ಮಧ್ಯಾಹ್ನ ಬಂದುಬಿಡುವುದಿಲ್ಲ. ಇದೇ ಐದು ಸ್ವರಗಳಲ್ಲಿ ಮೇಘ ಎಂಬ ಇನ್ನೊಂದು ರಾಗವಿದೆ, ಅದು ಮಳೆಗಾಲದ್ದು. ಎರಡನ್ನೂ ಬೇರ್ಪಡಿಸುವುದು ರಿಷಭ. ಸಾರಂಗದಲ್ಲಿ ರಿಷಭ ನೇರವಾಗಿ, ಅಲುಗದೆ ನಿಲ್ಲುತ್ತದೆ. ಅದೇ ಇದರ ವಾದಿ ಸ್ವರ, ಅಂದರೆ ಹಾಡುಗಾರ ಮತ್ತೆ ಮತ್ತೆ ಬಂದು ಕೂರುವ ಜಗಲಿ. ಮೇಘದಲ್ಲಿ ಅದೇ ರಿಷಭ ಮಧ್ಯಮವನ್ನು ಸವರಿಕೊಂಡು ತೂಗುತ್ತ ಇಳಿಯುತ್ತದೆ, ತಾನುಗಳಲ್ಲಿ ಗಮಕದ ಗುಡುಗು ಸೇರುತ್ತದೆ. ಸಾರಂಗ ಹಾಡುವಾಗ ರಿಷಭ ಅಲುಗಿದರೆ ಬಿಸಿಲಿನ ನಡುವೆ ಮೋಡ ಕವಿದಂತಾಗುತ್ತದೆ. ಕಲಿಯುವವರು ಎಡವುವುದು ಇಲ್ಲಿಯೇ, ಕೇಳುವವರು ಪತ್ತೆಹಚ್ಚಬಹುದಾದದ್ದೂ ಇಲ್ಲಿಯೇ.

ಈಗ ಹೊತ್ತಿನ ಮಾತು. ಸಾರಂಗಕ್ಕೂ ಬೇಸಿಗೆಯ ಮಧ್ಯಾಹ್ನಕ್ಕೂ ಇರುವ ನಂಟು ಸ್ಪಷ್ಟವಾಗಿ ಕಾಣುವುದು ಪುಷ್ಟಿಮಾರ್ಗದ ಕೃಷ್ಣಮಂದಿರಗಳಲ್ಲಿ. ಅವುಗಳಿಗೆ ಹವೇಲಿ ಎಂದೇ ಹೆಸರು. 16ನೇ ಶತಮಾನದಲ್ಲಿ ವಲ್ಲಭಾಚಾರ್ಯರ ಮಗ ವಿಠ್ಠಲನಾಥರು ವ್ರಜದಲ್ಲಿ ದಿನಕ್ಕೆ ಎಂಟು ದರ್ಶನಗಳ ಸೇವಾಕ್ರಮವನ್ನು ವಿಸ್ತಾರವಾಗಿ ಬೆಳೆಸಿದರು. ಪ್ರತಿ ದರ್ಶನಕ್ಕೂ ಆ ಹೊತ್ತಿನ ರಾಗದಲ್ಲಿ ಕೀರ್ತನೆ. ಅದಕ್ಕಾಗಿ ಹಾಡು ಕಟ್ಟಿದವರು ಸೂರದಾಸ, ಪರಮಾನಂದದಾಸ, ಕುಂಭನದಾಸ ಮೊದಲಾದ ಅಷ್ಟಛಾಪದ ಎಂಟು ಕವಿಗಳು. 1672ರಲ್ಲಿ ಶ್ರೀನಾಥಜಿಯ ಮೂರ್ತಿ ರಾಜಸ್ಥಾನದ ನಾಥದ್ವಾರದಲ್ಲಿ ನೆಲೆಯಾದಾಗ ಈ ಕ್ರಮವೂ ಅಲ್ಲಿ ಬೇರುಬಿಟ್ಟಿತು.

ಎಂಟರಲ್ಲಿ ನಾಲ್ಕನೆಯದು ರಾಜಭೋಗ, ಅಂದರೆ ದೇವರ ಮಧ್ಯಾಹ್ನದ ಊಟ. ಐದನೆಯದು ಉತ್ಥಾಪನ, ಅಂದರೆ ಎಬ್ಬಿಸುವುದು. ನಡುವಿನ ಕೆಲವು ಗಂಟೆ ಬಾಗಿಲು ಮುಚ್ಚಿರುತ್ತದೆ, ಏಕೆಂದರೆ ದೇವರು ನಿದ್ದೆ ಮಾಡುತ್ತಾನೆ. ಬೇಸಿಗೆಯಲ್ಲಿ ಆ ನಿದ್ದೆಗೆ ಮುಂಚಿನ ರಾಜಭೋಗದ ಕೀರ್ತನೆಗಳು ಸಾರಂಗದಲ್ಲಿ ನಡೆಯುತ್ತವೆ. ಅಕ್ಷಯ ತೃತೀಯದಿಂದ ಮೂರ್ತಿಗೆ ಚಂದನದ ಲೇಪ, ತೆಳು ಬಿಳಿ ಹತ್ತಿಯ ಬಟ್ಟೆ. ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರೆ, ಪಂಖ ಬೀಸುತ್ತಾರೆ, ಎದುರಿಗೆ ಕಾರಂಜಿ ಇಡುತ್ತಾರೆ. ಹಾಡುಗಳ ವಸ್ತುವೂ ಇದೇ: ಚಂದನ, ಹೂವಿನ ಮಂಟಪ, ಯಮುನೆಯ ತಂಪು. ಲಾವಂಚದ ತಟ್ಟಿ ಹವೇಲಿಗಳಲ್ಲಿ ಮಾತ್ರ ಇದ್ದುದಲ್ಲ. ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ಅಕ್ಬರನ ಅರಮನೆಯ ಬೇಸಿಗೆಯನ್ನು ವರ್ಣಿಸುವಾಗಲೂ ಲಾವಂಚದ ಕೋಣೆಗಳ ಮಾತು, ಪೆಟ್ಲುಪ್ಪು ಕರಗಿಸಿದ ನೀರಲ್ಲಿ ಪಾತ್ರೆ ಇಟ್ಟು ಕುಡಿಯುವ ನೀರು ತಣಿಸುವ ಮಾತು ಬರುತ್ತದೆ. ಹವೇಲಿಯಲ್ಲಿ ಈ ತಣಿಸುವ ಏರ್ಪಾಡುಗಳ ಸಾಲಿನಲ್ಲಿ ಒಂದು ರಾಗವೂ ಸೇರಿಕೊಂಡಿತ್ತು. ಅದು ವೇದಿಕೆಯ ಸಂಗೀತವಾಗಿರಲಿಲ್ಲ, ಮಲಗುವ ಮುಂಚಿನ ಸೇವೆಯಾಗಿತ್ತು.

20ನೇ ಶತಮಾನದ ಮೊದಲ ದಶಕಗಳಲ್ಲಿ ಮುಂಬೈಯ ವಕೀಲ ವಿಷ್ಣು ನಾರಾಯಣ ಭಾತಖಂಡೆ ಊರೂರು ಅಲೆದು ಉಸ್ತಾದರ ಬಳಿ ಇದ್ದುದನ್ನು ಬರೆದುಕೊಂಡು, ರಾಗಗಳನ್ನು ಹತ್ತು ಥಾಟುಗಳಲ್ಲಿ ಜೋಡಿಸಿದರು. ಹೊತ್ತಿಗೂ ಒಂದು ಸೂತ್ರ ಕೊಟ್ಟರು: ವಾದಿ ಸ್ವರ ಸಪ್ತಕದ ಕೆಳಗಿನ ಭಾಗದಲ್ಲಿದ್ದರೆ ರಾಗ ಮಧ್ಯಾಹ್ನ 12ರಿಂದ ಮಧ್ಯರಾತ್ರಿ 12ರೊಳಗಿನದು, ಮೇಲಿನ ಭಾಗದಲ್ಲಿದ್ದರೆ ಮಧ್ಯರಾತ್ರಿಯಿಂದ ಮಧ್ಯಾಹ್ನದೊಳಗಿನದು. ರಿಷಭ ವಾದಿಯಾದ ವೃಂದಾವನಿ ಸಾರಂಗ ಈ ಸೂತ್ರಕ್ಕೆ ಸಲೀಸಾಗಿ ಹೊಂದುತ್ತದೆ. ಆದರೆ ಸೂತ್ರ ಬಂದದ್ದು ರೂಢಿಯ ನಂತರ. ದಕ್ಷಿಣದಲ್ಲಿ ಅದೇ ಐದು ಸ್ವರಗಳ ಮಧ್ಯಮಾವತಿಯನ್ನು ಮಂಗಳಕರವೆಂದು ಕಛೇರಿಯ ಕೊನೆಗೆ, ರಾತ್ರಿ ಒಂಬತ್ತಕ್ಕೂ ಹಾಡುತ್ತಾರೆ, ಯಾರಿಗೂ ಸೆಕೆಯ ನೆನಪಾಗುವುದಿಲ್ಲ. ಹೊತ್ತು ಸ್ವರಗಳೊಳಗೆ ಇಲ್ಲ. ಆ ಹೊತ್ತಿಗೆ ಅದನ್ನೇ ಹಾಡಿ, ಅದನ್ನೇ ಕೇಳಿ, ತಲೆಮಾರುಗಳಿಂದ ಬೆಸೆದ ಬೆಸುಗೆ ಅದು. ಕೇಳುವವರು ಆ ಹೊತ್ತಿಗೆ ಬಾರದಿದ್ದರೆ ಬೆಸುಗೆ ಬಿಡುತ್ತದೆ.

ಅದು ಬಿಟ್ಟದ್ದೂ ಹಾಗೆಯೇ. ಸಂಗೀತ ದೇವಸ್ಥಾನ ಮತ್ತು ದರ್ಬಾರುಗಳಿಂದ ಹೊರಟು ಮುಂಬೈ, ಪುಣೆಗಳ ಸಂಗೀತ ಮಂಡಳಿಗಳಿಗೆ ಬಂದಾಗ ಕೇಳುಗರು ಆಫೀಸು ಮುಗಿಸಿ ಬರುವವರಾದರು. ಕಛೇರಿ ಸಂಜೆಗೆ ನಿಂತಿತು. ಯಮನ್, ಪೂರಿಯಾ, ಬಿಹಾಗ್, ದರ್ಬಾರಿಗಳಿಗೆ ವೇದಿಕೆ ದಕ್ಕಿತು, ಸಾರಂಗ ಮನೆಯ ಪಾಠಕ್ಕೆ ಉಳಿಯಿತು. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವೂ ಶನಿವಾರ ರಾತ್ರಿಯದೇ. ಸಾರಂಗವನ್ನು ಕಾಪಾಡಿದ್ದು ರೇಡಿಯೋದ ಹಗಲಿನ ಪ್ರಸಾರಗಳು ಮತ್ತು ಲಾಂಗ್‌ಪ್ಲೇ ತಟ್ಟೆಗಳು. ಮೂರು ಚಿಲ್ಲರೆ ನಿಮಿಷದ ಹಳೆಯ ತಟ್ಟೆಯಲ್ಲಿ ರಾಗ ಮುಖ ತೋರಿಸಿ ಹೋಗುತ್ತಿತ್ತು. ಲಾಂಗ್‌ಪ್ಲೇಯ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿದ ಮೇಲೆ ಅದು ಕಾಲು ಚಾಚಿ ಕೂರಬಹುದಾಯಿತು.

ಹಾಗೆ ಹಾಡಿದವರಲ್ಲಿ ನಮ್ಮ ಹಾಗೆ ಊರು ಬಿಟ್ಟು ಬಂದವರೂ ಇದ್ದರು. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆನಿಂತರು. ಅವರ ವೃಂದಾವನಿ ಸಾರಂಗದ ಧ್ವನಿಮುದ್ರಿಕೆ ಇಂದಿಗೂ ಸುಲಭವಾಗಿ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯ ಕುಮಾರ ಗಂಧರ್ವರು ಮುಂಬೈಯಲ್ಲಿ ಕಲಿತು, ಕ್ಷಯ ತಗುಲಿದಾಗ ಒಣಹವೆ ಹುಡುಕಿಕೊಂಡು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಹಾಡುವಂತಿಲ್ಲದ ಆ ವರ್ಷಗಳಲ್ಲಿ ಮಾಳವದ ಜನಪದ ಮಟ್ಟುಗಳಿಗೆ ಕಿವಿಗೊಟ್ಟರು, ಮುಂದೆ ಅವುಗಳಿಂದ ಹೊಸ ರಾಗಗಳನ್ನು ಕಟ್ಟಿದರು. ಅವುಗಳಲ್ಲಿ ಒಂದರ ಹೆಸರು ಮಧಸುರಜಾ, ನಡುಹಗಲ ಸೂರ್ಯ.

ಇನ್ನೊಂದು ತಿರುವು ಯಾರೂ ಎಣಿಸದೆ ಬಂದದ್ದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನರು ಪುಣೆಯಲ್ಲಿ 1953ರಿಂದ ನಡೆಸಿದ ಉತ್ಸವ ದಶಕಗಳ ಕಾಲ ಇಡೀ ರಾತ್ರಿಯ ಹಬ್ಬವಾಗಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ ಮೇಲೆ ಕಛೇರಿಗಳು ಹಗಲಿಗೆ ಸರಿದವು. ನಡುರಾತ್ರಿಯ ರಾಗಗಳು ಜಾಗ ಕಳೆದುಕೊಂಡವು. ಅದೇ ಏಟಿಗೆ ಮಧ್ಯಾಹ್ನದ ರಾಗಗಳಿಗೆ ದೊಡ್ಡ ವೇದಿಕೆ ಸಿಕ್ಕಿತು. ಕೊರತೆ ಒಂದೇ: ಉತ್ಸವ ಡಿಸೆಂಬರಿನದು. ಶಾಲು ಹೊದ್ದು ಕೂತವರಿಗೆ ಲಾವಂಚದ ತಂಪು ಬೇಕಿಲ್ಲ.

ಬೇಸಿಗೆ ಮತ್ತು ಮಧ್ಯಾಹ್ನ ಎರಡೂ ಸೇರುವ ಜಾಗ ಹಾಗಾದರೆ ಉಳಿದಿರುವುದು ನಮ್ಮ ಬಾಡಿಗೆ ಕೋಣೆಗಳ ಭಾನುವಾರದಲ್ಲಿ. ಅಲ್ಲಿ ಪಂಖದ ಬದಲು ಫ್ಯಾನಿದೆ, ಅದಕ್ಕೂ ಒಂದು ಶ್ರುತಿಯಿದೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಹಾಗಾಗಿ ಸಾಮಾನ್ಯ ಫ್ಯಾನಿನ ಮೋಟಾರು ಅದರ ಎರಡರಷ್ಟು, 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತದೆ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಅದರ ಮಂದ್ರ ಪಂಚಮ 98 ಹರ್ಟ್ಜ್. ಪೂರ್ತಿ ಕೂಡುವುದಿಲ್ಲ, ಆದರೆ ನೆರೆಹೊರೆ. ವೃಂದಾವನಿ ಸಾರಂಗದಲ್ಲಿ ರಿಷಭದ ಜೊತೆಗಾರ ಸ್ವರ ಪಂಚಮವೇ. ಹೊಸ ಬಿಎಲ್‌ಡಿಸಿ ಫ್ಯಾನುಗಳಲ್ಲಿ ಈ ಗುಂಯ್ ಇಲ್ಲ, ಬರೀ ಗಾಳಿಯ ಸದ್ದು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇರುವ ಹಳೆಯ ಫ್ಯಾನು ಕಡಿಮೆ ವೇಗದಲ್ಲಿ ಕರಕರೆ ಮಾಡಿದರೆ ಪೂರ್ತಿ ವೇಗಕ್ಕೆ ಇಟ್ಟುನೋಡಿ, ಗುಂಯ್ ಹದಕ್ಕೆ ಬರುತ್ತದೆ.

ಕೇಳುವ ಕ್ರಮ ಹೀಗಿರಬಹುದು. ಹನ್ನೆರಡೂವರೆಗೆ, ಅನ್ನ ಸಾರಿನ ಜೊತೆಗೇ, ವೃಂದಾವನಿ ಸಾರಂಗ. ಅಡ್ಡಾದ ಮೇಲೆ ಶುದ್ಧ ಸಾರಂಗ. ಅದರಲ್ಲಿ ಶುದ್ಧ ಮಧ್ಯಮದ ಪಕ್ಕ ತೀವ್ರ ಮಧ್ಯಮವೂ ಬಂದು, ಬಯಲ ಬಿಸಿಲು ಜಾಲರಿಯಿಂದ ಸೋಸಿ ಬಂದಂತೆ ಮೃದುವಾಗುತ್ತದೆ. ನಡುವೆ ಕಣ್ಣು ಹತ್ತಿದರೆ ಹತ್ತಲಿ, ರಾಜಭೋಗದ ಹಾಡು ಇದ್ದದ್ದೇ ಅದಕ್ಕೆ. ಮೂರರ ಹೊತ್ತಿಗೆ ಭೀಮಪಲಾಸಿ ಹಾಕಿ. ಅಷ್ಟು ಹೊತ್ತು ಇಲ್ಲದಿದ್ದ ಗಾಂಧಾರ ಕೋಮಲವಾಗಿ ಒಳಗೆ ಬರುತ್ತದೆ, ಬಿಸಿಲು ಗೋಡೆಯಿಂದ ಇಳಿಯತೊಡಗಿದ್ದು ಪರದೆ ಸರಿಸದೆಯೇ ತಿಳಿಯುತ್ತದೆ. ಎದ್ದು ಚಹಾಕ್ಕೆ ನೀರಿಡುವ ಹೊತ್ತು ಅದು.