ಎಷ್ಟು ಸಲ ಕಳೆಯಬೇಕು? ಕಾಲಶ್ರೇಣಿಯಲ್ಲಿ ವ್ಯತ್ಯಾಸ ವಿಧಾನ ನಡೆದು ಬಂದ ದಾರಿ

1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಒಟ್ಟು ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನ ವಿಧಿಯಂತೆ ಆದವುಗಳ ಪಾಲು ಕಡಿಮೆಯಾಗುತ್ತ ಹೋಯಿತು. ಅದೇ ಅವಧಿಯಲ್ಲಿ ಸಾವಿರ ಜನಕ್ಕೆ ಇಷ್ಟು ಎಂದು ಲೆಕ್ಕ ಹಾಕುವ ಮರಣ ಪ್ರಮಾಣವೂ ಇಳಿಯಿತು. ಈ ಎರಡರ ನಡುವಿನ ಸಹಸಂಬಂಧ 0.95. ಉಡ್ನಿ ಯೂಲ್ 1926ರಲ್ಲಿ ಅಚ್ಚಾದ ತಮ್ಮ ಪ್ರಸಿದ್ಧ ಲೇಖನದಲ್ಲಿ ಈ ಅಂಕಿಯನ್ನು ಮುಂದಿಟ್ಟು, ಇಂಥ ಅರ್ಥವಿಲ್ಲದ ಸಂಬಂಧಗಳು ಏಕೆ ಹುಟ್ಟುತ್ತವೆ ಎಂದು ಕೇಳಿದರು. ಕಾಲದೊಂದಿಗೆ ಒಂದೇ ಕಡೆಗೆ ಸಾಗುವ ಯಾವ ಎರಡು ಸಾಲುಗಳನ್ನು ಜೋಡಿಸಿದರೂ ಅವು ನಂಟಿರುವಂತೆ ಕಾಣುತ್ತವೆ. ಇದಕ್ಕೆ ಮದ್ದಾಗಿ ಬಂದದ್ದೇ ವ್ಯತ್ಯಾಸ ತೆಗೆಯುವ ಕ್ರಮ, ಅಂದರೆ ಪ್ರತಿ ಬೆಲೆಯಿಂದ ಅದರ ಹಿಂದಿನದನ್ನು ಕಳೆದು, ಉಳಿದ ಏರಿಳಿತವನ್ನಷ್ಟೇ ನೋಡುವುದು. ಮದ್ದು ಯೂಲ್ ಅವರ ಲೇಖನಕ್ಕಿಂತ ಹಳೆಯದು. ಎಷ್ಟು ಕೊಡಬೇಕು ಎಂಬುದೇ ತಕರಾರಿನ ವಿಷಯವಾಗಿತ್ತು. ಈ ವಿಧಾನದ ಚರಿತ್ರೆಯನ್ನು 1970ರ ಬಾಕ್ಸ್–ಜೆಂಕಿನ್ಸ್ ಗ್ರಂಥದಿಂದ ಶುರುಮಾಡುವ ರೂಢಿ ಇದೆ. ನನ್ನ ಓದಿನಲ್ಲಿ, ಆ ಗ್ರಂಥದ ಎಚ್ಚರಿಕೆಯ ಬೇರು ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

1905ರಲ್ಲಿ ಆರ್. ಎಚ್. ಹೂಕರ್ ಧಾನ್ಯದ ಬೆಲೆಗಳನ್ನು ಹೋಲಿಸುವಾಗ ಬೆಲೆಗಳನ್ನೇ ಬಿಟ್ಟು, ಒಂದು ನಮೂದಿನಿಂದ ಮುಂದಿನದಕ್ಕೆ ಆದ ಬದಲಾವಣೆಗಳ ಸಹಸಂಬಂಧವನ್ನು ಲೆಕ್ಕ ಹಾಕಿದರು. 1914ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಗಾಸೆಟ್ ಇದನ್ನು ಇನ್ನಷ್ಟು ವಿಸ್ತರಿಸಿದರು. ಸಾಲೆಂದರೆ ಕಾಲದ ಒಂದು ಬಹುಪದೋಕ್ತಿ ಮತ್ತು ಅದರ ಮೇಲೆ ಕುಳಿತ ಯಾದೃಚ್ಛಿಕ ಅಂಶ ಎಂದುಕೊಂಡರೆ, ಮತ್ತೆ ಮತ್ತೆ ವ್ಯತ್ಯಾಸ ತೆಗೆದಂತೆ ಬಹುಪದೋಕ್ತಿ ಕರಗಿ ಹೋಗಬೇಕು. ಸಹಸಂಬಂಧದ ಬೆಲೆ ಒಂದೆಡೆ ನಿಲ್ಲುವವರೆಗೆ ಕಳೆಯುತ್ತ ಹೋಗಿ ಎಂಬುದೇ ಸೂತ್ರ. ಅದೇ ವರ್ಷ ಬಿಯಾಟ್ರಿಸ್ ಕೇವ್ ಮತ್ತು ಕಾರ್ಲ್ ಪಿಯರ್ಸನ್ ಇಟಲಿಯ ಆರ್ಥಿಕ ಸೂಚ್ಯಂಕಗಳನ್ನು ತೆಗೆದುಕೊಂಡು ಆರನೆಯ ವ್ಯತ್ಯಾಸದವರೆಗೆ ಹೋದರು.

ಇದಕ್ಕೆ ಯೂಲ್ 1921ರಲ್ಲೇ ಆಕ್ಷೇಪ ಎತ್ತಿದ್ದರು. ಸಾಲಿನಲ್ಲಿ ಪ್ರವೃತ್ತಿ ಮತ್ತು ಯಾದೃಚ್ಛಿಕ ಅಂಶ ಎರಡೇ ಇರುತ್ತವೆ ಎಂಬ ಕಲ್ಪನೆಯನ್ನೇ ಅವರು ಒಪ್ಪಲಿಲ್ಲ. ಮೇಲಿನ ವ್ಯತ್ಯಾಸಗಳಿಗೆ ಹೋದಷ್ಟೂ ವಿಧಾನವು ಗಿಡ್ಡ ಆಂದೋಲನಗಳನ್ನೇ ಹಿಗ್ಗಿಸಿ ತೋರಿಸುತ್ತದೆ, ಕೊನೆಗೆ ಒಂದು ವರ್ಷ ಮೇಲೆ, ಮರುವರ್ಷ ಕೆಳಗೆ ಎಂಬ ಎರಡು ವರ್ಷದ ತೂಗಾಟವಷ್ಟೇ ಉಳಿಯುತ್ತದೆ ಎಂದರು. ಇದು ಹೇಗೆಂದು ಚಿಕ್ಕ ಸಾಲೊಂದರಲ್ಲಿ ನೋಡಬಹುದು. 5, 5, 8, 5, 5 ಎಂಬಲ್ಲಿ ಪ್ರವೃತ್ತಿಯೇನೂ ಇಲ್ಲ, ನಡುವೆ ಒಂದು ಆಕಸ್ಮಿಕ ಏರಿಕೆ ಇದೆ ಅಷ್ಟೆ. ಒಮ್ಮೆ ವ್ಯತ್ಯಾಸ ತೆಗೆದರೆ 0, +3, −3, 0 ಬರುತ್ತದೆ. ಒಂದೇ ಆಕಸ್ಮಿಕ ಎರಡು ಸಲ, ವಿರುದ್ಧ ಚಿಹ್ನೆಗಳಲ್ಲಿ ಕಾಣಿಸಿಕೊಂಡಿತು. ಇನ್ನೊಮ್ಮೆ ತೆಗೆದರೆ +3, −6, +3. ಮೂಲದಲ್ಲಿ ಇಲ್ಲದ ತೂಗಾಟವನ್ನು ನಾವೇ ಹುಟ್ಟಿಸಿದಂತಾಯಿತು. ಶುದ್ಧ ಯಾದೃಚ್ಛಿಕ ಸಾಲಿನ ಮೊದಲ ವ್ಯತ್ಯಾಸಕ್ಕೆ ಪಕ್ಕದ ನಮೂದಿನೊಂದಿಗಿನ ಸ್ವಸಹಸಂಬಂಧ −1/2, ಎರಡನೆಯದಕ್ಕೆ −2/3, ಆರನೆಯದಕ್ಕೆ −6/7. ವಿಚಲನೆಯೂ ಮೊದಲ ಕಳೆತದಲ್ಲೇ ಇಮ್ಮಡಿಯಾಗುತ್ತದೆ. ಅತಿಯಾಗಿ ಕಳೆದದ್ದನ್ನು ಪತ್ತೆ ಹಚ್ಚಲು ಈ ಎರಡು ಗುರುತುಗಳು ಇಂದಿಗೂ ಸಾಕಷ್ಟು ಕೆಲಸಕ್ಕೆ ಬರುತ್ತವೆ: ವ್ಯತ್ಯಾಸದ ನಂತರ ವಿಚಲನೆ ಇಳಿಯುವ ಬದಲು ಏರಿದ್ದು, ಮತ್ತು ಮೊದಲ ಸ್ವಸಹಸಂಬಂಧ −0.5ರ ಹತ್ತಿರಕ್ಕೋ ಅದಕ್ಕೂ ಕೆಳಗೋ ಹೋದದ್ದು.

ಜಾರ್ಜ್ ಬಾಕ್ಸ್ ಮತ್ತು ಗ್ವಿಲಿಮ್ ಜೆಂಕಿನ್ಸ್ ವ್ಯತ್ಯಾಸದ ಗುರಿಯನ್ನೇ ಬದಲಿಸಿದರು. ಎರಡು ಸಾಲುಗಳ ನಡುವಿನ ಸುಳ್ಳು ನಂಟನ್ನು ತೊಡೆಯುವುದಕ್ಕಿಂತ, ಒಂದೇ ಸಾಲನ್ನು ಸ್ಥಾಯಿ ಸ್ಥಿತಿಗೆ ತಂದು ಮಾದರಿ ಕಟ್ಟುವುದು ಅವರಿಗೆ ಮುಖ್ಯವಾಗಿತ್ತು. ಸ್ಥಾಯಿ ಎಂದರೆ ಸರಾಸರಿ ಮತ್ತು ವಿಚಲನೆ ಕಾಲದೊಂದಿಗೆ ಬದಲಾಗದೆ, ಎರಡು ನಮೂದುಗಳ ನಂಟು ಅವುಗಳ ನಡುವಿನ ಅಂತರದ ಮೇಲಷ್ಟೇ ನಿಂತಿರುವ ಸಾಲು. ಅವರ ಗ್ರಂಥದ ‘ಸೀರೀಸ್ ಜಿ’ ಅಂತರರಾಷ್ಟ್ರೀಯ ವಿಮಾನ ಪ್ರಯಾಣಿಕರ ಮಾಸಿಕ ಸಂಖ್ಯೆ, ಜನವರಿ 1949ರಿಂದ ಡಿಸೆಂಬರ್ 1960ರವರೆಗೆ, ಒಟ್ಟು 144 ನಮೂದು. 1949ರಲ್ಲಿ ಅತಿ ಕಡಿಮೆಯ ತಿಂಗಳು 104 ಸಾವಿರ, ಅತಿ ಹೆಚ್ಚಿನದು 148 ಸಾವಿರ. 1960ರಲ್ಲಿ ಅದೇ ಅಂಕಿಗಳು 390 ಮತ್ತು 622. ಇಲ್ಲಿ ನೇರವಾಗಿ ಕಳೆಯಲು ಹೊರಟರೆ ಎಡವುತ್ತೇವೆ. ಆಗಸ್ಟ್‌ನಿಂದ ಸೆಪ್ಟೆಂಬರ್‌ಗೆ 1949ರಲ್ಲಿ 12 ಸಾವಿರ ಕುಸಿದರೆ 1960ರಲ್ಲಿ 98 ಸಾವಿರ ಕುಸಿಯಿತು. ಪ್ರವೃತ್ತಿ ಹೋದರೂ ವಿಚಲನೆ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಲಾಗರಿತಮ್. ಆಗ ಅದೇ ಕುಸಿತಗಳು 0.085 ಮತ್ತು 0.176 ಆಗುತ್ತವೆ. ಎಂಟು ಪಟ್ಟಿನ ಅಂತರ ಎರಡು ಪಟ್ಟಿಗೆ ಬಂತು, ಪೂರ್ತಿ ಅಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಆಮೇಲೆ ಹಿಂದಿನ ತಿಂಗಳನ್ನು ಕಳೆಯುವ ವ್ಯತ್ಯಾಸ, ಅದರ ಮೇಲೆ ಹಿಂದಿನ ವರ್ಷದ ಅದೇ ತಿಂಗಳನ್ನು ಕಳೆಯುವ ಋತುಮಾನದ ವ್ಯತ್ಯಾಸ. ಮೊದಲನೆಯದಕ್ಕೆ 1, ಎರಡನೆಯದಕ್ಕೆ 12 ನಮೂದು ಕಳೆದುಕೊಂಡು 131 ಉಳಿಯುತ್ತವೆ. ಆರ್ ಭಾಷೆಯಲ್ಲಿ ಈ ದತ್ತಾಂಶ ಜೊತೆಗೇ ಬರುವುದರಿಂದ ಓದುಗರು ತಾವೇ ಮಾಡಿ ನೋಡಬಹುದು:

```r
w <- diff(diff(log(AirPassengers)), lag = 12)
acf(w)
```

ಮೊದಲ ತಿಂಗಳ ಸ್ವಸಹಸಂಬಂಧ −0.34, ಹನ್ನೆರಡನೆಯದು −0.39. 131 ನಮೂದುಗಳಿಗೆ ಆಕಸ್ಮಿಕವಾಗಿ ಬರಬಹುದಾದ ಬೆಲೆಯ ಎಲ್ಲೆ ಸುಮಾರು 0.17. ಹಾಗಾಗಿ ಎರಡೂ ನಿಜವಾದ ಸುಳಿವುಗಳು. ಆದರೆ ಯಾವುದೂ −0.5ಕ್ಕೆ ಇಳಿದಿಲ್ಲ. ಕಳೆದದ್ದು ಅತಿಯಾಯಿತು ಎನ್ನಲು ಇಲ್ಲಿ ಆಧಾರ ಇಲ್ಲ, ಉಳಿದ ಋಣ ನಂಟನ್ನು ಎರಡು ಚಲಿಸುವ ಸರಾಸರಿ ಪದಗಳು ಹೊರುತ್ತವೆ. 1921ರಲ್ಲಿ ದೋಷವೆಂದು ಕಂಡ ತೂಗಾಟವೇ ಇಲ್ಲಿ ಅಳತೆಗೋಲಾಗಿದೆ. ಈ ವಿಧಾನದ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾಗುವ ತಿರುವು ಇದು.

ಕಣ್ಣಿನ ತೀರ್ಮಾನ ಎಲ್ಲ ಕಡೆ ಸಾಲದು. 1974ರಲ್ಲಿ ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್, ಒಂದಕ್ಕೊಂದು ಸಂಬಂಧವೇ ಇಲ್ಲದ ಯಾದೃಚ್ಛಿಕ ನಡಿಗೆಗಳನ್ನು ಕಂಪ್ಯೂಟರ್‌ನಲ್ಲಿ ಹುಟ್ಟಿಸಿ ಒಂದರ ಮೇಲೊಂದನ್ನು ರಿಗ್ರೆಸ್ ಮಾಡಿದಾಗ, ವಾಡಿಕೆಯ ಟಿ-ಪರೀಕ್ಷೆ ಸುಮಾರು ಮುಕ್ಕಾಲು ಪಾಲು ಸಲ ಸಂಬಂಧ ಇದೆ ಎಂದೇ ಹೇಳಿತು. ಹಾಗಿದ್ದರೆ ಸಾಲು ಯಾದೃಚ್ಛಿಕ ನಡಿಗೆಯೇ ಅಲ್ಲವೇ ಎಂದು ಪರೀಕ್ಷಿಸುವ ದಾರಿ ಬೇಕು. 1979ರಲ್ಲಿ ಡೇವಿಡ್ ಡಿಕಿ ಮತ್ತು ವೇನ್ ಫುಲ್ಲರ್ ಅದನ್ನು ಪ್ರಕಟಿಸಿದರು. ಬದಲಾವಣೆಯನ್ನು ಹಿಂದಿನ ಮಟ್ಟದ ಮೇಲೆ ರಿಗ್ರೆಸ್ ಮಾಡಿ ಗುಣಾಂಕ ಸೊನ್ನೆಯೇ ಎಂದು ನೋಡುವುದು ಇದರ ತಿರುಳು. ಆದರೆ ಆ ಟಿ-ಬೆಲೆ ಟಿ-ಪಟ್ಟಿಗೆ ಹೊಂದುವುದಿಲ್ಲ. ಸ್ಥಿರಪದವಿದ್ದಾಗ ದೊಡ್ಡ ಮಾದರಿಯಲ್ಲಿ ಶೇ. 5ರ ಎಲ್ಲೆ −1.65 ಅಲ್ಲ, −2.86. ಹಳೆಯ ಪಟ್ಟಿ ಹಿಡಿದು ನೋಡಿದವರು ಸ್ಥಾಯಿಯಲ್ಲದ್ದನ್ನು ಸ್ಥಾಯಿ ಎಂದು ಬರೆದುಬಿಡುತ್ತಾರೆ.

ಈ ಪರೀಕ್ಷೆಯನ್ನು ಓದುವಾಗ ಆಗುವ ತಪ್ಪು ಇನ್ನೊಂದಿದೆ. ಸ್ಥಾಯಿಯಲ್ಲ ಎಂಬುದೇ ಇಲ್ಲಿನ ಶೂನ್ಯ ಊಹೆ. ಅದನ್ನು ತಳ್ಳಿಹಾಕಲು ಆಗದಿದ್ದರೆ ಅದು ಸಾಬೀತಾದಂತಲ್ಲ, ಚಿಕ್ಕ ಸಾಲಿನಲ್ಲಿ ಪರೀಕ್ಷೆಗೆ ಬಲ ಸಾಲದೆಯೂ ಹಾಗಾಗಬಹುದು. 1982ರಲ್ಲಿ ನೆಲ್ಸನ್ ಮತ್ತು ಪ್ಲೋಸರ್ ಅಮೆರಿಕದ 14 ಆರ್ಥಿಕ ಸಾಲುಗಳನ್ನು ಪರೀಕ್ಷಿಸಿದಾಗ ನಿರುದ್ಯೋಗವೊಂದನ್ನು ಬಿಟ್ಟು ಉಳಿದ 13ರಲ್ಲಿ ಶೂನ್ಯ ಊಹೆ ಉಳಿಯಿತು. ಏಳು ವರ್ಷದ ನಂತರ ಪಿಯರ್ ಪೆರೋನ್ ಅವೇ ಸಾಲುಗಳಿಗೆ 1929ರ ಕುಸಿತವನ್ನು ಒಂದು ಮುರಿತವಾಗಿ ಸೇರಿಸಿ ನೋಡಿದರು. ಹೆಚ್ಚಿನವು ಮುರಿದ ಪ್ರವೃತ್ತಿರೇಖೆಯ ಸುತ್ತ ಸ್ಥಾಯಿಯಾಗಿ ಕಂಡವು. ಅಂಥ ಸಾಲಿನಿಂದ ರೇಖೆಯನ್ನು ತೆಗೆಯಬೇಕೇ ಹೊರತು ವ್ಯತ್ಯಾಸವನ್ನಲ್ಲ. ವ್ಯತ್ಯಾಸ ತೆಗೆದರೆ ಮೇಲೆ ಕಂಡ +3, −3 ಮತ್ತೆ ಬರುತ್ತದೆ.

1992ರಲ್ಲಿ ಕ್ವಿಯಾಟ್ಕೋವ್ಸ್ಕಿ, ಫಿಲಿಪ್ಸ್, ಶ್ಮಿಟ್ ಮತ್ತು ಶಿನ್ ಊಹೆಯನ್ನೇ ತಿರುಗಿಸಿದ ಪರೀಕ್ಷೆ ಕೊಟ್ಟರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ಕೆಪಿಎಸ್ಎಸ್. ಅಲ್ಲಿ ಸ್ಥಾಯಿ ಎಂಬುದೇ ಶೂನ್ಯ ಊಹೆ, ಮಟ್ಟದ ಸ್ಥಾಯಿತ್ವಕ್ಕೆ ಶೇ. 5ರ ಎಲ್ಲೆ 0.463. ಎರಡು ಪರೀಕ್ಷೆಗಳನ್ನೂ ಒಟ್ಟಿಗೆ ಮಾಡುವ ರೂಢಿ ಅಲ್ಲಿಂದ ಬೆಳೆಯಿತು. ಎರಡೂ ಒಂದೇ ಮಾತು ಹೇಳಿದರೆ ಸರಿ. ಎರಡೂ ತಮ್ಮ ಶೂನ್ಯ ಊಹೆಯನ್ನು ಉಳಿಸಿಕೊಂಡರೆ ದತ್ತಾಂಶ ಸಾಲದು ಎಂದರ್ಥ. ಎರಡೂ ತಳ್ಳಿಹಾಕಿದರೆ ನಾನು ಮೊದಲು ಸಾಲಿನ ನಕ್ಷೆಗೆ ಹಿಂತಿರುಗಿ, 1929ರಂಥ ಒಂದು ಮುರಿತ ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ.